‘ಮುಳುಗಡೆ’ ಅಂದ್ರೆ ಯಾವ ಮುಳುಗಡೆ? ಹಳೇ ವಿಡಿಯೊಗೆ ಪದಪಟ್ಟಿ ಮಾಡುವುದು ಹೀಗೆ

ಬಾಗಲಕೋಟೆಯ ನಮ್ಮ ಎಡಿಟಿಂಗ್ ರೂಮಿನಲ್ಲಿ ಒಂದಿನ 2019ರ ಪ್ರವಾಹದ ಕ್ಲಿಪ್ ಬೇಕಾಯಿತು. ‘ಪ್ರವಾಹ’ ಅಂತ ಹುಡುಕಿದರೆ ಮೂರೇ ಸಿಕ್ಕವು. ಉಳಿದವು ಎಲ್ಲಿಗೂ ಹೋಗಿರಲಿಲ್ಲ, ಹುಡುಕಲೆಂದು ಕ್ಲಿಪ್‌ಗೆ ಹಾಕುವ ಟ್ಯಾಗ್‌ನಲ್ಲಿ ಒಬ್ಬರು ‘ನೆರೆ’ ಅಂತ ಬರೆದಿದ್ದರು, ಇನ್ನೊಬ್ಬರು ‘ಮಹಾಪೂರ’, ಮತ್ತೊಬ್ಬರು ‘ಹೊಳೆ ಬಂತು’.

ಇದಕ್ಕೆ ಎಲ್ಲರೂ ಬಳಸುವ ಒಂದೇ ಪದಪಟ್ಟಿ ಬೇಕು. ಅದನ್ನು ಮಾಡುವಾಗ ಮೊದಲು ಹೊಸ ಪದ ಯೋಚಿಸಲು ಹೋಗಬೇಡಿ. ಈಗಾಗಲೇ ಇರುವ ಐವತ್ತು ಕ್ಲಿಪ್‌ಗಳ ಟ್ಯಾಗ್‌ಗಳನ್ನು ಒಂದು ಶೀಟಿಗೆ ಇಳಿಸಿ, ಒಂದೇ ಅರ್ಥದವನ್ನು ಒಟ್ಟಿಗೆ ಇಡಿ. ಪ್ರತಿ ಗುಂಪಿನಲ್ಲಿ ಎಲ್ಲರೂ ಜಾಸ್ತಿ ಬಳಸಿದ ಒಂದನ್ನು ಆರಿಸಿ. ನಾವು ‘ಪ್ರವಾಹ’ ಆರಿಸಿದೆವು. ಉಳಿದ ಪದಗಳನ್ನು ಅಳಿಸಬಾರದು, ಪಕ್ಕದ ಕಾಲಂನಲ್ಲಿ ‘ಇದರ ಬದಲು ಪ್ರವಾಹ ಬಳಸಿ’ ಅಂತ ಇರಲಿ. ಊರಿನ ಹೆಸರಿಗೂ ಇದೇ ದಾರಿ: 2014ರಲ್ಲಿ ಹೆಸರು ಬದಲಾದ ಮೇಲೆ ‘ವಿಜಯಪುರ’ ಟ್ಯಾಗ್ ಆಗುತ್ತದೆ, ಹಳೇ ಟೇಪಿನ ಡಬ್ಬಿಯ ಮೇಲೆ ಇರುವ ‘ಬಿಜಾಪುರ’ ಪಕ್ಕದಲ್ಲಿ ಉಳಿಯುತ್ತದೆ.

ಆದರೆ ನಿಜವಾದ ತೊಡಕು ಇದಲ್ಲ. ಒಂದೇ ಪದಕ್ಕೆ ಎರಡು ಅರ್ಥ ಇದ್ದಾಗ ಪಟ್ಟಿ ಇದ್ದರೂ ಜನ ತಪ್ಪುತ್ತಾರೆ. ನಮ್ಮ ಊರಲ್ಲಿ ‘ಮುಳುಗಡೆ’ ಅಂದರೆ ಆಲಮಟ್ಟಿ ಹಿನ್ನೀರಿಗೆ ಹೋದ ಹಳೇ ಊರು, ಜನ ನವನಗರಕ್ಕೆ ಬಂದದ್ದು. ಹೊರಗಿನಿಂದ ಬಂದ ಎಡಿಟರ್‌ಗೆ ಮಳೆಗಾಲದಲ್ಲಿ ಮನೆಗೆ ನೀರು ನುಗ್ಗಿದ್ದೂ ಮುಳುಗಡೆಯೇ, ಅವರದೂ ತಪ್ಪಲ್ಲ ಅಲ್ವಾ?

ಅದಕ್ಕೆ ಪ್ರತಿ ಪದದ ಕೆಳಗೆ ಎರಡು ಸಾಲಿನ ವಿವರಣೆ ಬೇಕು, ಅದೂ ಕಣ್ಣಿಗೆ ಕಾಣುವ ಗುರುತಿನೊಂದಿಗೆ. ನಾವು ಬರೆದದ್ದು:

ಮುಳುಗಡೆ: ಅಣೆಕಟ್ಟಿನ ಹಿನ್ನೀರಿಗೆ ಶಾಶ್ವತವಾಗಿ ಬಿಟ್ಟುಕೊಟ್ಟ ಜಾಗ. ನಿಂತ ನೀರು, ಬಾಗಿಲು-ಜಂತಿ ಕಿತ್ತ ಮನೆಗಳು. ಮಳೆಯ ನೀರು ಬಂದು ಇಳಿದುಹೋಗುವಂತಿದ್ದರೆ ‘ಪ್ರವಾಹ’ ಬಳಸಿ.

ಶಾಟ್ ನೋಡಿ ಗೊತ್ತಾಗದಿದ್ದರೆ ಚಿತ್ರೀಕರಣದ ದಿನಾಂಕ, ಊರು ನೋಡಬೇಕು. ಆಗಲೂ ಗೊತ್ತಾಗದಿದ್ದರೆ ಎರಡನ್ನೂ ಬಿಟ್ಟು ‘ನೀರು ನಿಂತ ಮನೆ’ ಅಂತ ಕಂಡಷ್ಟನ್ನೇ ಬರೆಯಿರಿ. ಸುಮ್ನೆ ಊಹಿಸಿ ಹಾಕಿದ ಟ್ಯಾಗ್ ನಾಳೆ ತಪ್ಪು ಸುದ್ದಿಯಾಗಿ ಪ್ರಸಾರವಾಗುತ್ತದೆ.

ಇನ್ನು ಪರೀಕ್ಷೆ. ಇಬ್ಬರು ಎಡಿಟರ್‌ಗಳಿಗೂ ಅವೇ ಇಪ್ಪತ್ತು ಕ್ಲಿಪ್ ಕೊಟ್ಟು ಟ್ಯಾಗ್ ಹಾಕಲು ಹೇಳಿ, ಒಬ್ಬರ ಶೀಟ್ ಇನ್ನೊಬ್ಬರು ನೋಡಬಾರದು. ವಿವರಣೆ ಬರೆಯುವ ಮೊದಲು ನಮ್ಮಲ್ಲಿ ಹನ್ನೊಂದು ಕ್ಲಿಪ್‌ಗಳಲ್ಲಿ ಮಾತ್ರ ಇಬ್ಬರ ಟ್ಯಾಗ್ ಹೊಂದಿದ್ದವು, ಹೊಂದದ ಒಂಬತ್ತರಲ್ಲಿ ಆರು ‘ಮುಳುಗಡೆ’ಯವೇ. ಬರೆದ ಮೇಲೆ ಹದಿನೇಳು ಹೊಂದಿದವು. ಎಷ್ಟು ಹೊಂದಿದವು ಅನ್ನುವುದಕ್ಕಿಂತ ಯಾವ ಪದದ ಮೇಲೆ ಜಗಳ ಬಿತ್ತು ಅಂತ ನೋಡಿ, ತಿದ್ದಬೇಕಾದದ್ದು ಅದನ್ನೇ.

ಉಳಿದ ಮೂರೂ ಜನರನ್ನು ಸಾಗಿಸುವ ಶಾಟ್‌ಗಳು: ಒಬ್ಬರು ‘ಬೋಟು’ ಅಂದರು, ಇನ್ನೊಬ್ಬರು ‘ತೆಪ್ಪ’. ಪಟ್ಟಿಯಲ್ಲಿ ಎರಡೂ ಇರಲಿಲ್ಲ. ಇಂಥ ಪದವನ್ನು ಯಾರೂ ನೇರವಾಗಿ ಪಟ್ಟಿಗೆ ಸೇರಿಸಬಾರದು, ‘ಹೊಸ ಪದ’ ಅನ್ನುವ ಕಾಲಂನಲ್ಲಿ ಬರೆದಿಡಬೇಕು. ಶನಿವಾರ ಒಬ್ಬರೇ ಕೂತು, ಕ್ಲಿಪ್ ತೆರೆದು ನೋಡಿ, ಯಾವುದು ಉಳಿಯಬೇಕು ಅಂತ ತೀರ್ಮಾನಿಸುತ್ತಾರೆ.