ಮುರಿದ ಸಕ್ಕರೆ ಅಚ್ಚು ಮತ್ತು ಮೂವತ್ತು ಸೆಕೆಂಡಿನ ವಿಡಿಯೋ

ಮಂಡ್ಯದ ಗುತ್ತಲು ರಸ್ತೆ ಕಡೆಯ ಒಂದು ದಿನಸಿ ಅಂಗಡಿಗೆ ಮೂರು ಸಂಕ್ರಾಂತಿಗೂ ನಾನೇ ವಿಡಿಯೋ ಮಾಡಿಕೊಟ್ಟೆ. ಮೊದಲ ಎರಡು ಕೆಟ್ಟವು. ಮೂರನೆಯದಕ್ಕೆ ಸ್ಕ್ರಿಪ್ಟ್ ತೋರಿಸಿದಾಗ ಮೈಸೂರಿನ ಎಡಿಟರ್ ಗೆಳೆಯ, "ಇದು ಸ್ಕ್ರಿಪ್ಟಾ, ಚೀಟಿಯಾ?" ಅಂದ. ಅದೇ ಗೆದ್ದದ್ದರಿಂದ ಬರೆಯುತ್ತಿದ್ದೇನೆ.

ಮೊದಲ ವರ್ಷದ್ದು ಗೊತ್ತಿರುವ ಕಥೆಯೇ. ಟೆಂಪ್ಲೇಟು, ಗಾಳಿಪಟ, ಕಬ್ಬಿನ ಜಲ್ಲೆ, "ಸಮಸ್ತ ಗ್ರಾಹಕ ಬಾಂಧವರಿಗೆ ಹಾರ್ದಿಕ ಶುಭಾಶಯಗಳು", ಕೊನೆಗೆ ಯಜಮಾನರು ಕೈಮುಗಿದ ಫೋಟೋ. ದನಿ ಕೊಟ್ಟವರಿಗೆ ಎಂಟುನೂರು ಹೋಯಿತು, ನನಗೆ ಉಳಿದದ್ದು ನಾನೂರು. ಯಜಮಾನರ ಸ್ಟೇಟಸ್ಸನ್ನು ಅರವತ್ತು ಜನ ನೋಡಿರಬಹುದು. ಅದೇ ಟೆಂಪ್ಲೇಟು ಎದುರಿನ ಮೊಬೈಲ್ ಅಂಗಡಿಯವನ ಸ್ಟೇಟಸ್ಸಿನಲ್ಲೂ ಇತ್ತು, ಅವನದ್ದು ಹಸಿರು, ನಮ್ಮದು ಹಳದಿ.

ಎರಡನೇ ವರ್ಷ ಭಾವನೆಗೆ ಕೈಹಾಕಿದೆ. ಅಂಗಡಿ ಶುರು ಮಾಡಿದ್ದು ಯಜಮಾನರ ತಂದೆ. ಅವರ ಹಾರ ಹಾಕಿದ ಫೋಟೋ, ಕೆಳಗೆ ನಿಧಾನವಾದ ಪಿಟೀಲು, "ಅಪ್ಪ ಹಾಕಿಕೊಟ್ಟ ದಾರಿ" ಅಂತ ಒಂದು ಸಾಲು. ನನಗೇ ಕಣ್ಣು ತೇವವಾಗಿತ್ತು. ಸ್ಟೇಟಸ್ ಹಾಕಿದ ಅರ್ಧ ಗಂಟೆಗೆ ಬಸರಾಳಿನಿಂದ ಒಬ್ಬರು ಫೋನ್ ಮಾಡಿ, "ಯಾವಾಗ ಹೋದ್ರು? ಗೊತ್ತೇ ಆಗ್ಲಿಲ್ವಲ್ಲ" ಅಂದರಂತೆ. ಅಂಥ ಫೋನು ಏಳೆಂಟು ಬಂದವು. ಹಾರದ ಫೋಟೋಕ್ಕೆ ಪಿಟೀಲು ಸೇರಿಸಿದರೆ ನಮ್ಮೂರಲ್ಲಿ ಅದು ಶ್ರದ್ಧಾಂಜಲಿ, ಮೇಲೆ ಏನೇ ಬರೆದಿದ್ದರೂ ಯಾರೂ ಓದುವುದಿಲ್ಲ. ದುಡ್ಡು ಕೇಳಲು ಮುಖ ಬರಲಿಲ್ಲ. ಎರಡು ಸಾವಿರ ಮುಳುಗಿತು.

ಮೂರನೇ ಸಲ ಕ್ಯಾಮೆರಾ ಮುಟ್ಟಲಿಲ್ಲ. ಹಬ್ಬಕ್ಕೆ ಹತ್ತು ದಿನ ಇರುವಾಗ ಎರಡು ಸಂಜೆ ಅಕ್ಕಿ ಮೂಟೆ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಮೊದಲ ಸಂಜೆ ದಡ್ಡ ಪ್ರಶ್ನೆ ಕೇಳಿದೆ: "ನಿಮ್ಮ ಅಂಗಡಿ ವಿಶೇಷ ಏನು?" ಯಜಮಾನರು ನೆಟ್ಟಗೆ ಕೂತು, "ಗುಣಮಟ್ಟ, ನ್ಯಾಯವಾದ ಬೆಲೆ" ಅಂದರು. ಯಾವ ಅಂಗಡಿಯವರೂ ಹೇಳುವುದು ಅದನ್ನೇ. ಮರುದಿನ ಪ್ರಶ್ನೆ ಬದಲಿಸಿದೆ. "ಹಬ್ಬದ ಹಿಂದಿನ ರಾತ್ರಿ ಕೊನೇಲಿ ಬರೋರು ಏನ್ ಕೇಳ್ತಾರೆ?" ತಕ್ಕಡಿಯಿಂದ ತಲೆ ಎತ್ತದೆ ಹೇಳಿದರು: "ಹುರಿಗಡ್ಲೆ. ಕೊಬ್ಬರಿ, ಬೆಲ್ಲ, ಎಳ್ಳು, ಕಡ್ಲೆಬೀಜ ಎಲ್ಲಾ ನೆನಪಿರ್ತದೆ, ಹುರಿಗಡ್ಲೆ ಮನೇಲದೆ ಅನ್ಕೊಂಡಿರ್ತಾರೆ, ಡಬ್ಬಿ ತೆಗದ್ರೆ ಇರಲ್ಲ." ಅಷ್ಟರಲ್ಲಿ ಒಂದು ಮಗು ಬಂತು. ಅವರು ಕೇಳದೆಯೇ ಹಳೇ ಬಿಸ್ಕತ್ತಿನ ಡಬ್ಬಿಗೆ ಕೈಹಾಕಿ ಒಂದು ತುಂಡು ಸಕ್ಕರೆ ಅಚ್ಚು ಕೊಟ್ಟರು, ಬಾಲವಿಲ್ಲದ ನವಿಲು. ಪೆಟ್ಟಿಗೆ ಬರುವಾಗಲೇ ಒಂದಷ್ಟು ಅಚ್ಚು ಮುರಿದಿರುತ್ತವೆ. ಅವನ್ನು ಮಾರಲು ಆಗುವುದಿಲ್ಲ. ಆ ಡಬ್ಬಿ ಮಕ್ಕಳದ್ದು. ಇಷ್ಟು ವರ್ಷ ಇದನ್ನು ನನಗೆ ಹೇಳಿರಲಿಲ್ಲ, ಯಾಕೆಂದರೆ ಅವರಿಗೆ ಅದು ಹೇಳುವ ವಿಷಯವೇ ಅಲ್ಲ.

ಆ ರಾತ್ರಿ ಬರೆದದ್ದು ಇಷ್ಟು:

(ಕೊಬ್ಬರಿ ತೂಗುತ್ತಾ) "ಸಂಕ್ರಾಂತಿ ಹಿಂದಿನ್ ರಾತ್ರಿ ಬಾಗ್ಲು ಹಾಕೋ ಹೊತ್ಗೆ ಯಾರಾದ್ರೂ ಓಡ್ ಬತ್ತಾರೆ. 'ಅಣ್ಣ, ಹುರಿಗಡ್ಲೆ ಮರ್ತ್‌ಬುಟ್ಟೆ ಕಣಣ್ಣ.' ಪ್ರತಿ ವರ್ಸಾನೂ ಹುರಿಗಡ್ಲೆನೇ."
(ಡಬ್ಬಿ ಮುಚ್ಚಳ ತೆಗೆದು) "ಈ ಸಲಾನೂ ಸಕ್ರೆ ಅಚ್ಚು ಒಂದಷ್ಟು ಮುರ್ದವೆ. ಮಕ್ಳಿಗೆ ಅಂತ ಎತ್ತಿಟ್ಟಿವ್ನಿ. ಕರ್ಕೊಂಡ್ ಬನ್ನಿ."
(ಮತ್ತೆ ತೂಗುತ್ತಾ) "ಹುರಿಗಡ್ಲೆ ಮರೀಬೇಡಿ. ಹಬ್ಬ ಚೆಂದಾಗ್ ಮಾಡಿ."

ಮೂವತ್ತು ಪದದ ಮೇಲೆ ಸ್ವಲ್ಪ ಇದೆ. ವಯಸ್ಸಾದವರು ಕೆಲಸ ಮಾಡುತ್ತಾ ಮಾತಾಡಿದರೆ ಮೂವತ್ತು ಸೆಕೆಂಡಿಗೆ ನಲವತ್ತು ಕನ್ನಡ ಪದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ಹಿಡಿಸಿದರೆ ವಾರ್ತೆ ಓದಿದ ಹಾಗಾಗುತ್ತದೆ. ಬರೆದದ್ದನ್ನು ಬೇರೆ ಅಂಗಡಿಯವನ ಬಾಯಲ್ಲಿ ಇಟ್ಟು ನೋಡುವುದು ನನ್ನ ಅಭ್ಯಾಸ. ಅಲ್ಲೂ ಸಲೀಸಾಗಿ ಕೂತರೆ ಆ ಸಾಲು ಹೋಗಬೇಕು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅನ್ನುವುದು ಹಾಗೇ ಹೋಯಿತು, "ಶುಭಾಶಯ" ಕೂಡ ಹೋಯಿತು. ಅಂಗಡಿ ಹೆಸರನ್ನು ಅವರು ಹೇಳುವುದಿಲ್ಲ, ಹಿಂದಿನ ಕ್ಯಾಲೆಂಡರಿನಲ್ಲಿ ಕಾಣುತ್ತದೆ.

ಯಜಮಾನರ ಮಗ ಒಪ್ಪಲಿಲ್ಲ. ಅವನಿಗೆ ಡ್ರೋನ್ ಬೇಕು, ತಿರುಗುವ ಲೋಗೋ ಬೇಕು, ಅಪ್ಪ "ಮರ್ತ್‌ಬುಟ್ಟೆ" ಅಂದರೆ ಮರ್ಯಾದೆ ಹೋಗುತ್ತದೆ. "ಬೆಂಗಳೂರಲ್ಲಿ ನನ್ ಫ್ರೆಂಡ್ಸ್ ನೋಡ್ತಾರೆ ಸಾರ್" ಅಂದ. ಹಬ್ಬಕ್ಕೆ ಹುರಿಗಡಲೆ ತೆಗೆದುಕೊಳ್ಳುವವರು ಬೆಂಗಳೂರಿನಲ್ಲಿಲ್ಲ ಅಂದೆ. ಕೊನೆಗೆ ಮೂರೂವರೆ ಸಾವಿರಕ್ಕೆ ಒಪ್ಪಂದ, ಓಡದಿದ್ದರೆ ಅರ್ಧ ವಾಪಸ್ಸು.

ಶೂಟಿಂಗ್ ಸುಲಭವಾಗಲಿಲ್ಲ. ಸ್ಕ್ರಿಪ್ಟ್ ಕೈಗೆ ಕೊಟ್ಟದ್ದು ನನ್ನ ತಪ್ಪು. ಓದಿದ ಕೂಡಲೇ "ಮರೆತುಬಿಟ್ಟೆ" ಅಂತ ಪುಸ್ತಕದ ಭಾಷೆ ಬಂತು, ಕೈ ಮುಗಿದುಕೊಂಡವು. ಹನ್ನೊಂದು ಟೇಕ್ ವ್ಯರ್ಥ. ಆಮೇಲೆ ಕಾಗದ ಕಿತ್ತುಕೊಂಡು ನಿಜವಾಗಿಯೂ ಐದು ಕೆಜಿ ಕೊಬ್ಬರಿ ಕಾಲು ಕಾಲು ಕೆಜಿ ಪೊಟ್ಟಣ ಮಾಡಲು ಹೇಳಿದೆ. ಕೈಗೆ ಕೆಲಸ ಸಿಕ್ಕ ಮೇಲೆ ಬಾಯಿ ತನ್ನಷ್ಟಕ್ಕೆ ಸಡಿಲವಾಯಿತು. ಎದುರಿಗೆ ನಾನು ನಿಲ್ಲಲಿಲ್ಲ, ಬೇರೊಬ್ಬರನ್ನು ನಿಲ್ಲಿಸಿದ್ದೆ. ಯಾರನ್ನು, ಅವರಿಗೆ ಏನು ಹೇಳಿಕೊಟ್ಟಿದ್ದೆ ಅನ್ನುವುದು ನನ್ನ ಹೊಟ್ಟೆಪಾಡು, ಬರೆಯುವುದಿಲ್ಲ.

ಸಂಗೀತ ಹಾಕಲಿಲ್ಲ. ತಕ್ಕಡಿಯ ಬೀಪ್, ಕೊಬ್ಬರಿ ಬಟ್ಟಲು ಒಂದಕ್ಕೊಂದು ತಾಗುವ ಸದ್ದು, ದೂರದಲ್ಲಿ ಬಸ್ಸಿನ ಹಾರನ್ನು. ಫ್ರಿಜ್ ಮಾತ್ರ ಆರಿಸಿ. ಮೊದಲ ದಿನ ಮರೆತಿದ್ದೆ, ಕಾಲರ್ ಮೈಕಿಗೆ ಅದರ ಗುಂಯ್ ಬಿದ್ದು ಎಲ್ಲ ಹಾಳಾಯಿತು.

ಮಧ್ಯೆ ಒಂದು ಚಪಲ. ಹಿಂದಿನ ವರ್ಷ ನಮ್ಮೂರಿನಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದನ್ನು ನಿಧಾನಗತಿಯಲ್ಲಿ ಹಿಡಿದಿಟ್ಟಿದ್ದೆ. ಎತ್ತು ಬೆಂಕಿ ಹಾರುವಾಗ ಅರಿಶಿನ ಮೈಯಿಂದ ಉದುರುವುದು ಸಹ ಕಾಣುತ್ತದೆ. ಅದನ್ನು ಮುಂದೆ ಅಂಟಿಸಿ ಹತ್ತು ಜನರಿಗೆ ತೋರಿಸಿದೆ. ಎಲ್ಲರೂ "ಎತ್ತು ಯಾರದ್ದು?" ಅಂದರು, ಅಂಗಡಿ ಯಾರದ್ದು ಅಂತ ಒಬ್ಬರೂ ಕೇಳಲಿಲ್ಲ. ತೆಗೆದೆ. ಹೊಟ್ಟೆ ಉರಿಯಿತು.

ಜನವರಿ 12ರ ಸಂಜೆ ಏಳೂವರೆಗೆ ಹಾಕಿಸಿದೆ. ಹಬ್ಬದ ದಿನ ಹಾಕಿದರೆ ನಲವತ್ತು ಶುಭಾಶಯಗಳ ಅಡಿಗೆ ಬೀಳುತ್ತದೆ, ಸಾಮಾನು ಕೊಳ್ಳುವುದೂ ಮುಗಿದಿರುತ್ತದೆ. ಬೆಳಗಾಗುವಷ್ಟರಲ್ಲಿ ನೋಡಿದವರು ಮುನ್ನೂರು ಚಿಲ್ಲರೆ. ಅವರ ಫೋನಿನಲ್ಲಿರುವ ಗಿರಾಕಿಗಳೇ ನಾನೂರು ಇದ್ದರೆ ಹೆಚ್ಚು. ಉತ್ತರಗಳೂ ಬಂದಿದ್ದವು, ಅರ್ಧಕ್ಕರ್ಧ "ಅಣ್ಣ, ಹೋದ್ ವರ್ಸ ಬಂದಿದ್ದು ನಾನೇ" ಅಂತ.

ಒಂದು ಮಾತ್ರ ಲೆಕ್ಕ ತಪ್ಪಿದೆ. 13ರ ಮಧ್ಯಾಹ್ನಕ್ಕೇ ಡಬ್ಬಿ ಖಾಲಿ. ಕೆರಗೋಡು ಕಡೆಯಿಂದಲೂ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಸಂಜೆ ನಾನು ಬಾಕಿ ಸಾವಿರಕ್ಕೆ ಹೋದಾಗ ಯಜಮಾನರು ಗಲ್ಲಾದ ಹಿಂದೆ ಬಗ್ಗಿ ಏನೋ ಮಾಡುತ್ತಿದ್ದರು. ಇಣುಕಿದೆ. ಹೊಸ ಪೆಟ್ಟಿಗೆ ಒಡೆದು, ನೆಟ್ಟಗಿದ್ದ ಅಚ್ಚುಗಳನ್ನು ಒಂದೊಂದಾಗಿ ಮುರಿದು ಡಬ್ಬಿಗೆ ಹಾಕುತ್ತಿದ್ದರು.

"ಹಾಗೇ ಕೊಡಬಹುದಲ್ಲ ಅಣ್ಣ?" ಅಂದೆ.

"ಮುರ್ದಿರೋದು ಅಂತ ಹೇಳಿವ್ನಲ್ಲಪ್ಪ" ಅಂದರು. ನನ್ನ ಸಾವಿರ ಕೊಡುವಾಗ ಆ ಪೆಟ್ಟಿಗೆಯ ದುಡ್ಡು ಹಿಡಿದುಕೊಂಡರು.