ಉಣ್ಣೆ ಎಳೆಗಳು ತೋರಿಸಿದ ಗಾಳಿ

ರೆಕ್ಕೆಯ ಮೇಲೆ ಗಾಳಿ ಎಲ್ಲಿ ಕೈಬಿಡುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕೆಂದು ನಾನು ಒಂದು ಸಣ್ಣ ಗಾಳಿಸುರಂಗದಲ್ಲಿ ಪ್ರಯೋಗ ಮಾಡಿದೆ. ರೆಕ್ಕೆಯ ಅಗಲ, ಅಂದರೆ ಮುಂಚೂಣಿಯಿಂದ ಹಿಂಬದಿಯ ಅಂಚಿನವರೆಗೆ, 25 ಸೆಂಟಿಮೀಟರ್. ಗಾಳಿಯ ವೇಗ ಸೆಕೆಂಡಿಗೆ 15 ಮೀಟರ್. ಮೇಲ್ಮೈ ತುಂಬ ಎರಡು ಸೆಂಟಿಮೀಟರ್ ಉದ್ದದ ಉಣ್ಣೆ ಎಳೆಗಳ ಒಂದೊಂದು ತುದಿಯನ್ನು ಸೆಲ್ಲೋಟೇಪಿನಿಂದ ಅಂಟಿಸಿದ್ದೆ.

ರೆಕ್ಕೆಯನ್ನು ಎಂಟು ಡಿಗ್ರಿ ಎತ್ತಿದಾಗ ಎಳೆಗಳೆಲ್ಲ ಬಾಚಿದ ಕೂದಲಿನಂತೆ ಹಿಂದಕ್ಕೆ ಮಲಗಿದ್ದವು. ಹನ್ನೆರಡು ಡಿಗ್ರಿಗೆ ಹಿಂಬದಿಯ ಸಾಲು ನಡುಗತೊಡಗಿತು. ಹದಿನಾಲ್ಕಕ್ಕೆ ಅರ್ಧ ರೆಕ್ಕೆಯ ಎಳೆಗಳು ತಿರುಗಿ ಮುಂದಕ್ಕೆ ಮುಖ ಮಾಡಿದವು. ಅಲ್ಲಿ ಗಾಳಿ ಹಿಮ್ಮುಖವಾಗಿ ಹರಿಯುತ್ತಿತ್ತು.

ಕಾರಣ ಮೇಲ್ಮೈಗೆ ಅಂಟಿಕೊಂಡ ಕೆಲವೇ ಮಿಲಿಮೀಟರ್ ದಪ್ಪದ ಗಡಿಪದರದಲ್ಲಿದೆ. ರೆಕ್ಕೆಯ ಉಬ್ಬನ್ನು ದಾಟಿದ ಮೇಲೆ ಒತ್ತಡ ಏರುತ್ತ ಹೋಗುತ್ತದೆ. ಗಾಳಿ ದಿಣ್ಣೆ ಹತ್ತಿದ ಹಾಗೆ. ಲ್ಯಾಮಿನಾರ್ ಪದರದಲ್ಲಿ ಗಾಳಿಯ ತೆಳು ಹಾಳೆಗಳು ಒಂದರ ಮೇಲೊಂದು ಜಾರುತ್ತವೆಯೇ ಹೊರತು ಬೆರೆಯುವುದಿಲ್ಲ. ಹಾಗಾಗಿ ತಳದ ನಿಧಾನಗಾಳಿಗೆ ಮೇಲಿನಿಂದ ಬಲ ಸಿಗದೆ ಅದು ಬೇಗ ನಿಂತುಬಿಡುತ್ತದೆ. ಟರ್ಬುಲೆಂಟ್ ಪದರದಲ್ಲಿ ಮೇಲಿನ ವೇಗದ ಗಾಳಿ ಕೆಳಗಿನದರೊಂದಿಗೆ ಕಲಸಿಕೊಳ್ಳುವುದರಿಂದ ದಿಣ್ಣೆಯಲ್ಲಿ ಹೆಚ್ಚು ದೂರ ಸಾಗುತ್ತದೆ. ಬದಲಿಗೆ ಮೇಲ್ಮೈ ಘರ್ಷಣೆ ಹೆಚ್ಚು. 1914ರಲ್ಲಿ ಜರ್ಮನ್ ವಿಜ್ಞಾನಿ ಲುಡ್ವಿಗ್ ಪ್ರಾಂಟ್ಲ್ ಗೋಳವೊಂದಕ್ಕೆ ಸಣ್ಣ ತಂತಿ ಸುತ್ತಿ, ಪದರವನ್ನು ಬೇಕೆಂದೇ ಕದಡಿ, ಗೋಳದ ಮೇಲಿನ ಎಳೆತ ತಗ್ಗಿದ್ದನ್ನು ತೋರಿಸಿದ್ದರು.

ಆದರೆ ನನ್ನ ರೆಕ್ಕೆಗೆ ಕದಡುವುದಷ್ಟೇ ಸಾಲುತ್ತಿರಲಿಲ್ಲ. ಮೇಲಿನ ಗಾಳಿಯನ್ನು ಕೆಳಕ್ಕೆ ಎಳೆದು ತರಬೇಕಿತ್ತು. ಸುಳಿ ಎಬ್ಬಿಸುವ ಸಣ್ಣ ಪುಟವಾದ ವೋರ್ಟೆಕ್ಸ್ ಜನರೇಟರ್ ಮಾಡುವ ಕೆಲಸ ಅದೇ. ತಂಪುಪಾನೀಯದ ಡಬ್ಬದ ಅಲ್ಯೂಮಿನಿಯಂ ಹಾಳೆಯಿಂದ ಮೂರು ಮಿಲಿಮೀಟರ್ ಎತ್ತರ, ಎಂಟು ಮಿಲಿಮೀಟರ್ ಉದ್ದದ ರೆಕ್ಕೆಪುಟಗಳನ್ನು ಕತ್ತರಿಸಿ, ಬುಡ ಮಡಚಿ ಅಂಟಿಸಿದೆ. ಜೋಡಿಯಾಗಿ, ಮುಂದಿನ ತುದಿಗಳು ಹತ್ತಿರ, ಹಿಂದಿನವು ದೂರ, ಹರಿವಿಗೆ ಸುಮಾರು ಹದಿನೈದು ಡಿಗ್ರಿ ಓರೆ. ಹೀಗಿದ್ದರೆ ಎರಡೂ ಸುಳಿಗಳು ಎದುರುಬದುರಾಗಿ ತಿರುಗಿ ನಡುವಿನಲ್ಲಿ ಗಾಳಿಯನ್ನು ಮೇಲ್ಮೈಗೆ ಒತ್ತುತ್ತವೆ. ಜೋಡಿಯಿಂದ ಜೋಡಿಗೆ ಮೂರು ಸೆಂಟಿಮೀಟರ್.

ಮೊದಲ ಸಲ ಅವನ್ನು ಗಾಳಿ ಬಿಡುವ ಜಾಗದಲ್ಲೇ, ರೆಕ್ಕೆಯ ಅರ್ಧದಾಚೆ, ಅಂಟಿಸಿದೆ. ಏನೂ ಬದಲಾಗಲಿಲ್ಲ. ಅಲ್ಲಿ ಆಗಲೇ ಸತ್ತ ಗಾಳಿ. ಸುಳಿ ಎಬ್ಬಿಸಲು ಪುಟಗಳಿಗೆ ಹರಿವೇ ಸಿಗುತ್ತಿರಲಿಲ್ಲ. ಕಿತ್ತು ಮುಂಚೂಣಿಯಿಂದ ಎರಡೂವರೆ ಸೆಂಟಿಮೀಟರ್ ಹಿಂದೆ ಅಂಟಿಸಿದಾಗ ಹದಿನಾಲ್ಕು ಡಿಗ್ರಿಯಲ್ಲೂ ಎಳೆಗಳು ಮಲಗಿಯೇ ಇದ್ದವು. ಹತ್ತಿರ ಬಗ್ಗಿ ನೋಡಿದರೆ ಪ್ರತಿ ಜೋಡಿಯ ನೇರ ಹಿಂದಿನ ಎಳೆ ಬಿಗಿಯಾಗಿತ್ತು. ಎರಡು ಜೋಡಿಗಳ ನಡುವಿನದು, ಗಾಳಿ ಮೇಲೇಳುವ ಕಡೆ, ಸ್ವಲ್ಪ ಅಲುಗುತ್ತಿತ್ತು. ಹದಿನೇಳು ಡಿಗ್ರಿಗೆ ಮಾತ್ರ ಮುನ್ಸೂಚನೆಯೇ ಇಲ್ಲದೆ ಇಡೀ ರೆಕ್ಕೆ ಒಮ್ಮೆಲೇ ಕೈಬಿಟ್ಟಿತು.

ನಾಲ್ಕು ಡಿಗ್ರಿಗೆ ಇಳಿಸಿ ತೂಗಿದಾಗ ಎಳೆತ ಬರಿಯ ರೆಕ್ಕೆಗಿಂತ ಹೆಚ್ಚಿತ್ತು. ಆದ್ದರಿಂದಲೇ ಲ್ಯಾಮಿನಾರ್ ಹರಿವನ್ನೇ ನಂಬಿ ಕಟ್ಟಿದ ಗ್ಲೈಡರ್ ರೆಕ್ಕೆಯ ಮುಂಭಾಗಕ್ಕೆ ಇವನ್ನು ನಾನು ಅಂಟಿಸುವುದಿಲ್ಲ. ನಿಧಾನವಾಗಿ ಇಳಿಯಬೇಕಾದ ನನ್ನ ಮಾದರಿ ವಿಮಾನದಲ್ಲಿ, ವಿಮಾನವನ್ನು ಪಕ್ಕಕ್ಕೆ ವಾಲಿಸುವ ಐಲರಾನಿನ ಮುಂದಿನ ಭಾಗಕ್ಕಷ್ಟೇ ಆರು ಜೋಡಿ ಉಳಿಸಿಕೊಂಡಿದ್ದೇನೆ.