ಟ್ರಾನ್ಸಿಸ್ಟರ್ ಸ್ವಿಚ್ ಆಗುವುದು ಹೇಗೆ? ಮಕ್ಕಳಿಗೆ ಹತ್ತು ನಿಮಿಷದಲ್ಲಿ ಹೇಳಿ

ಟ್ರಾನ್ಸಿಸ್ಟರ್ ಪಾಠ ಕೆಡುವುದು ಹೆಚ್ಚಾಗಿ ನಲ್ಲಿಯ ಹೋಲಿಕೆಯಲ್ಲೇ. "ನಲ್ಲಿ ತಿರುಗಿಸಿದರೆ ನೀರು ಬರುತ್ತೆ, ಹಾಗೇ ಇದು" ಎಂದು ಹೇಳಿ ಮುಂದೆ ಹೋಗುತ್ತಾರೆ. ಆದರೆ ಆ ನಲ್ಲಿಯಿಂದ ಕೈ ತೆಗೆದರೂ ನೀರು ಬರುತ್ತಲೇ ಇರುತ್ತದೆ ಅಲ್ವಾ? ಟ್ರಾನ್ಸಿಸ್ಟರ್ ಹಾಗಲ್ಲ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ನೀರು ಬಿಡುವ, ಸ್ಪ್ರಿಂಗ್ ಇರುವ ನಲ್ಲಿಯ ಉದಾಹರಣೆಯನ್ನೇ ಕೊಡಿ.

ಮೊದಲು ಜೋಡಣೆ. ಬಿಸಿ547 ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಿಮ್ಮ ಕಡೆಗಿರಲಿ, ಕಾಲುಗಳು ಕೆಳಗಿರಲಿ. ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 9 ವೋಲ್ಟ್ ಬ್ಯಾಟರಿಯ ಪ್ಲಸ್‌ನಿಂದ 470 ಓಮ್ ರೆಸಿಸ್ಟರ್, ಕೆಂಪು ಎಲ್ಇಡಿ, ಕಲೆಕ್ಟರ್, ಈ ಸಾಲಿನಲ್ಲಿ ಸೇರಿಸಿ. ಎಲ್ಇಡಿಯ ಉದ್ದ ಕಾಲು ಪ್ಲಸ್ ಕಡೆಗಿರಬೇಕು. ಎಮಿಟರ್ ಮೈನಸ್‌ಗೆ. ಬೇಸ್‌ಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿ, ಅದರ ಇನ್ನೊಂದು ತುದಿಗೆ ವೈರ್ ಸೇರಿಸಿ ಸುಮ್ನೆ ಬಿಡಿ. ಹಿಡಿತ ಸಡಿಲವಾದ ಅಗ್ಗದ ಬ್ರೆಡ್‌ಬೋರ್ಡ್ ಮಾತ್ರ ಬೇಡ. ದೀಪ ಹತ್ತದಿದ್ದರೆ ತಪ್ಪು ವಿವರಣೆಯಲ್ಲೋ ಬೋರ್ಡಿನಲ್ಲೋ ಎಂದು ಮಕ್ಕಳಿಗೆ ತಿಳಿಯುವುದಿಲ್ಲ.

ವೈರ್ ಅನ್ನು ಪ್ಲಸ್‌ಗೆ ಮುಟ್ಟಿಸಿ: ದೀಪ ಹತ್ತುತ್ತದೆ. ಬಿಡಿ: ಆರುತ್ತದೆ.

ಇಲ್ಲಿ ನಿಧಾನ ಮಾಡಿ. ನಲ್ಲಿ ಒತ್ತುವ ಬೆರಳು ನೀರಾಗುವುದಿಲ್ಲ, ನೀರು ಬರುವುದು ಟ್ಯಾಂಕಿನಿಂದ. ಹಾಗೇ ಬೇಸ್‌ಗೆ ಹೋದ ಕರೆಂಟೇ ದೊಡ್ಡದಾಗಿ ಹೊರಬರುವುದಿಲ್ಲ. ಬೇಸ್‌ಗೆ ಹೋಗುವುದು ಸುಮಾರು 0.8 ಮಿಲಿಆಂಪ್, ಎಲ್ಇಡಿಯಲ್ಲಿ ಹರಿಯುವುದು ಸುಮಾರು 15 ಮಿಲಿಆಂಪ್. ಎರಡೂ ಬರುವುದು ಬ್ಯಾಟರಿಯಿಂದಲೇ. ಬೇಸ್ ಬರೀ ದಾರಿ ಬಿಡುತ್ತದೆ.

ಈ ಟ್ರಾನ್ಸಿಸ್ಟರ್ ಬೇಸ್ ಕರೆಂಟಿನ 100 ಪಟ್ಟು ಬಿಡಬಲ್ಲದು ಎಂದರೂ 80 ಮಿಲಿಆಂಪ್ ಆಗಬೇಕಿತ್ತು. 15 ಮಾತ್ರ ಏಕೆ? 470 ಓಮ್ ರೆಸಿಸ್ಟರ್ ಸಣ್ಣ ಪೈಪ್ ಇದ್ದ ಹಾಗೆ. ಪೈಪ್ ತುಂಬಿ ಹರಿಯುವಾಗ ನಲ್ಲಿಯನ್ನು ಇನ್ನೂ ಒತ್ತಿದರೆ ನೀರು ಜಾಸ್ತಿ ಬರುವುದಿಲ್ಲ. ಸ್ವಿಚ್‌ಗೆ ಬೇಕಾದ್ದು ಇದೇ ಪೂರ್ತಿ ಒತ್ತಿದ ಸ್ಥಿತಿ. ಆಗ ಕಲೆಕ್ಟರ್ ಮತ್ತು ಎಮಿಟರ್ ನಡುವೆ ಮೀಟರ್ ಇಟ್ಟರೆ 0.2 ವೋಲ್ಟ್‌ಗಿಂತ ಕಡಿಮೆ ತೋರಿಸುತ್ತದೆ.

"ಬೇಸ್‌ಗೆ ರೆಸಿಸ್ಟರ್ ಯಾಕೆ, ನೇರ ಕೊಟ್ಟರೆ ಆಗಲ್ವಾ?" ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಈ ಅಡ್ಡದಾರಿ ಖಂಡಿತ ಬೇಡ. ಬೇಸ್‌ನಿಂದ ಎಮಿಟರ್‌ಗೆ ಇರುವ ದಾರಿ ಸುಮಾರು 0.7 ವೋಲ್ಟ್‌ಗೇ ಪೂರ್ತಿ ತೆರೆದುಬಿಡುತ್ತದೆ. ನೇರ 9 ವೋಲ್ಟ್ ಕೊಟ್ಟರೆ ತಡೆಯುವವರಿಲ್ಲದೆ ಕರೆಂಟ್ ನುಗ್ಗಿ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ.

ಕೊನೆಗೆ ಅರ್ಧ ಒತ್ತಿದ ನಲ್ಲಿ ತೋರಿಸಿ. ಒಬ್ಬ ವಿದ್ಯಾರ್ಥಿ ಒಂದು ಬೆರಳಿನಿಂದ ಬ್ಯಾಟರಿಯ ಪ್ಲಸ್, ಇನ್ನೊಂದರಿಂದ ಬೇಸ್ ವೈರ್ ಮುಟ್ಟಲಿ. ಇದು ಬ್ಯಾಟರಿಯಲ್ಲಿ ಮಾತ್ರ, ಮನೆಯ ಕರೆಂಟಿನಲ್ಲಿ ಎಂದಿಗೂ ಅಲ್ಲ. ಚರ್ಮದ ಮೂಲಕ ತೀರಾ ಕಡಿಮೆ ಕರೆಂಟ್ ಹೋಗುವುದರಿಂದ ದೀಪ ಮಂಕಾಗಿ ಹತ್ತುತ್ತದೆ, ಮೀಟರ್ ಈಗ ಕೆಲವು ವೋಲ್ಟ್ ತೋರಿಸುತ್ತದೆ. ಬೆರಳುಗಳನ್ನು ಒದ್ದೆ ಮಾಡಿ ಮತ್ತೆ ಮುಟ್ಟಲು ಹೇಳಿ. ಬೆಳಕು ಹೆಚ್ಚುತ್ತದೆ, ಮೀಟರಿನ ಅಂಕಿ ಇಳಿಯುತ್ತದೆ.